ಶನಿವಾರ ಬಿಟ್ಟು ದಿನಾ ನೈಂಟಿ

ಅವರನ್ನು ಇಲ್ಲಿ ಮಂಜಣ್ಣ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇರೆ, ಗುರುತು ಸಿಗದಂತೆ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು 43, ಸ್ವಂತ ಹಾರ್ಡ್‌ವೇರ್ ಅಂಗಡಿ. ತೂಕ 86 ಕಿಲೋ, ಹೊಕ್ಕುಳ ಮಟ್ಟದಲ್ಲಿ ಟೇಪು ಸುತ್ತಿದರೆ 102 ಸೆಂಟಿಮೀಟರ್. ನಮ್ಮ ಕಡೆಯ ಗಂಡಸರಿಗೆ 90 ದಾಟಿದರೆ ಎಚ್ಚರ ವಹಿಸಬೇಕು ಅನ್ನುವುದು ಲೆಕ್ಕ. ಆಹಾರದ ಸಲಹೆ ಕೇಳಲು ಹೆಂಡತಿಯ ಜೊತೆ ನನ್ನ ಬಳಿ ಬಂದಿದ್ದರು.

"ಮೇಡಂ, ರಾತ್ರಿ ಅನ್ನ ಬಿಟ್ಟು ಎಂಟು ತಿಂಗಳಾಯ್ತು. ಬೆಳಗ್ಗೆ ಮುಕ್ಕಾಲು ಗಂಟೆ ನಡೀತೀನಿ. ಕೈಕಾಲು ಹಾಗೇ ಇವೆ, ಹೊಟ್ಟೆ ಮಾತ್ರ ಮುಂದೆ ಮುಂದೆ ಹೋಗ್ತಾ ಇದೆ."

ಕುಡಿತದ ವಿಷಯ ಕೇಳಿದ್ದಕ್ಕೆ ಮುಚ್ಚುಮರೆ ಮಾಡಲಿಲ್ಲ. ವಿಸ್ಕಿ, ನೀರು ಹಾಕಿಕೊಂಡು, ಒಂದು ನೈಂಟಿ. ಶನಿವಾರ ಆಂಜನೇಯನ ವಾರ, ಮುಟ್ಟುವುದಿಲ್ಲ. "ಬಿಯರ್ ಕುಡಿದ್ರೆ ತಾನೇ ಹೊಟ್ಟೆ ಬರೋದು? ವಿಸ್ಕಿಯಲ್ಲಿ ಸಕ್ಕರೆ ಇಲ್ವಲ್ಲ" ಅಂದರು. ಸಕ್ಕರೆ ಇಲ್ಲ ಅನ್ನುವುದು ನಿಜ, ಆದರೆ ಆಲ್ಕೋಹಾಲಿಗೆ ತನ್ನದೇ ಕ್ಯಾಲೊರಿ ಇದೆ. ಅಕ್ಕಿಯ ಪಿಷ್ಟ, ಸಕ್ಕರೆ ಗ್ರಾಂಗೆ 4 ಕ್ಯಾಲೊರಿ ಕೊಟ್ಟರೆ, ಎಣ್ಣೆ–ತುಪ್ಪ 9 ಕೊಡುತ್ತವೆ. ಆಲ್ಕೋಹಾಲ್ ಕೊಡುವುದು 7, ಅಂದರೆ ತುಪ್ಪಕ್ಕೇ ಹತ್ತಿರ.

ನಾನು ಕೇಳಿದ ಮುಂದಿನ ಪ್ರಶ್ನೆ, ಬಾಟಲಿ ಎಷ್ಟು ದಿನಕ್ಕೆ ಮುಗಿಯುತ್ತದೆ ಅಂತ. ಗ್ಲಾಸಿನ ಲೆಕ್ಕ ಯಾರೂ ಸರಿಯಾಗಿ ಹೇಳುವುದಿಲ್ಲ, ಸುಳ್ಳು ಹೇಳಬೇಕೆಂದಲ್ಲ, ಕಣ್ಣಳತೆಯೇ ಹಾಗೆ. ಬಾಟಲಿಯ ಲೆಕ್ಕ ಮನೆಯವರಿಗೆ ಗೊತ್ತಿರುತ್ತದೆ. "ವಾರಕ್ಕೊಂದು ಫುಲ್ ತರ್ತಾರೆ, ಭಾನುವಾರ ಬಿಚ್ಚಿದ್ರೆ ಶುಕ್ರವಾರಕ್ಕೆ ಖಾಲಿ" ಅಂದರು ಅವರ ಹೆಂಡತಿ. ಫುಲ್ ಅಂದರೆ 750 ಮಿಲಿಲೀಟರ್, ಕುಡಿಯುವುದು ಆರು ದಿನ. ದಿನಕ್ಕೆ 125 ಆಯಿತು. ನೈಂಟಿಯೇ ಆಗಿದ್ದರೆ ವಾರದ ಕೊನೆಗೆ ಬಾಟಲಿಯಲ್ಲಿ 210 ಉಳಿಯಬೇಕಿತ್ತು. ಮಂಜಣ್ಣ ಹೆಂಡತಿಯ ಮುಖ ನೋಡಿದರು, ಆಮೇಲೆ ನಕ್ಕರು.

ಅದೇ ಕಾಗದದ ಮೇಲೆ ಉಳಿದದ್ದನ್ನೂ ಬರೆದೆ. ನಮ್ಮಲ್ಲಿ ಮಾರುವ ವಿಸ್ಕಿಯಲ್ಲಿ ಸಾಮಾನ್ಯವಾಗಿ 42.8 ಶೇಕಡಾ ಆಲ್ಕೋಹಾಲ್. 125 ಮಿಲಿಲೀಟರ್‌ನಲ್ಲಿ ಅದು ತೂಕದಲ್ಲಿ 42 ಗ್ರಾಂ ಆಗುತ್ತದೆ, ಏಳರಿಂದ ಗುಣಿಸಿದರೆ 294 ಕ್ಯಾಲೊರಿ. ಸುಮಾರು ಐದು ಇಡ್ಲಿಯಷ್ಟು. ಬೆಳಗಿನ ನಡಿಗೆಯಲ್ಲಿ ಅವರು ಕಳೆಯುವುದು ಇನ್ನೂರು ಚಿಲ್ಲರೆ.

"ಐದು ಇಡ್ಲಿಗೆ ಇಷ್ಟು ಹೊಟ್ಟೆನಾ?" ಅಂದರು. ಒಳ್ಳೆಯ ಪ್ರಶ್ನೆ. ಐದು ಇಡ್ಲಿ ತಿಂದವನಿಗೆ ಮುಂದಿನ ಊಟ ಅಷ್ಟು ಬೇಡವಾಗುತ್ತದೆ. ಐದು ಇಡ್ಲಿಯಷ್ಟು ವಿಸ್ಕಿ ಕುಡಿದವನಿಗೆ ಹಾಗಾಗುವುದಿಲ್ಲ. ದ್ರವವಾಗಿ ಒಳಹೋದ ಈ ಕ್ಯಾಲೊರಿಯನ್ನು ಹಸಿವು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಮೊದಲ ಪೆಗ್ ಇಳಿದ ಮೇಲೆ ಹಸಿವು ಇನ್ನೂ ಕೆರಳುತ್ತದೆ, ಉಪ್ಪು–ಖಾರ–ಕರಿದದ್ದು ಬೇಕೆನಿಸುತ್ತದೆ, ಸಾಕು ಅನ್ನುವ ವಿವೇಕ ಸಡಿಲವಾಗುತ್ತದೆ. ಒಂದು ವಾರ ಎಲ್ಲವನ್ನೂ ಬರೆದು ತರಲು ಹೇಳಿದೆ, ನೆಂಚಿಕೊಳ್ಳುವುದನ್ನೂ ಸೇರಿಸಿ.

ಚೀಟಿ ಬಂತು. ಬರೆದವರು ಮಂಜಣ್ಣ, ತಿದ್ದಿದವರು ಹೆಂಡತಿ. ಮಧ್ಯಾಹ್ನ ಎರಡಕ್ಕೆ ಊಟ, ಆಮೇಲೆ ಅಂಗಡಿಯಲ್ಲಿ ಎರಡು ಕಾಫಿ. ರಾತ್ರಿ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ಮೊದಲ ಗುಟುಕು. ಜೊತೆಗೆ ಒಂದು ಹಿಡಿ ಮಸಾಲೆ ಕಡಲೆಬೀಜ, ಚೀಟಿಯ ಅಂಚಿನಲ್ಲಿ ಹೆಂಡತಿಯ ಅಕ್ಷರದಲ್ಲಿ "ಎರಡು ಹಿಡಿ". ವಾರಕ್ಕೆ ಮೂರು ದಿನ ಪಾರ್ಸೆಲ್ ಕಬಾಬ್. ಹತ್ತೂವರೆಗೆ ಮೂರು ಚಪಾತಿ, ಪಲ್ಯ, ಸಾರು. ಅನ್ನ ಬಿಟ್ಟಿದ್ದರು, ನಿಜ. ಆದರೆ 50 ಗ್ರಾಂ ಕಡಲೆಬೀಜದಲ್ಲೇ ಮುನ್ನೂರರ ಹತ್ತಿರ ಕ್ಯಾಲೊರಿ ಇರುತ್ತದೆ. ವಿಸ್ಕಿ ಮತ್ತು ಬೀಜ ಸೇರಿ ಊಟಕ್ಕೆ ಮೊದಲೇ ಆರುನೂರು, ಕಬಾಬ್ ತಂದ ದಿನ ಇನ್ನೂ ಹೆಚ್ಚು. ಶನಿವಾರದ ಪುಟ ನೋಡಿ ನನಗೆ ಖುಷಿಯಾಯಿತು. ಅದೇ ಮನುಷ್ಯ, ಅದೇ ಅಂಗಡಿ, ಎಂಟೂವರೆಗೆ ಎರಡು ಚಪಾತಿ ತಿಂದು ಮಲಗಿದ್ದಾರೆ. ಕಡಲೆಬೀಜದ ಹೆಸರೇ ಇಲ್ಲ.

ಇನ್ನು ಹೊಟ್ಟೆಯ ವಿಷಯ. ವಿಸ್ಕಿಯೇ ಕೊಬ್ಬಾಗಿ ಹೊಟ್ಟೆಗೆ ಅಂಟುತ್ತದೆ ಅಂತ ಅನೇಕರ ನಂಬಿಕೆ. ಹಾಗಲ್ಲ. ಕುಡಿದ ಆಲ್ಕೋಹಾಲಿನಲ್ಲಿ ಕೊಬ್ಬಾಗಿ ಬದಲಾಗುವುದು ಬಹಳ ಸ್ವಲ್ಪ. ಆದರೆ ಅದನ್ನು ಕೂಡಿಡಲು ದೇಹದಲ್ಲಿ ಜಾಗವಿಲ್ಲ, ಮೊದಲು ಅದನ್ನೇ ಖರ್ಚು ಮಾಡಬೇಕು. ಯಕೃತ್ತು ಅದನ್ನು ಒಡೆದು ಅಸಿಟೇಟ್ ಆಗಿ ರಕ್ತಕ್ಕೆ ಬಿಡುತ್ತದೆ, ಸ್ನಾಯುಗಳು ಕೊಬ್ಬಿನ ಬದಲು ಅದನ್ನು ಉರಿಸುತ್ತವೆ. ಯಕೃತ್ತು ಗಂಟೆಗೆ ನಿಭಾಯಿಸುವುದು ಸುಮಾರು 8 ಗ್ರಾಂ. ಮಂಜಣ್ಣನ 42 ಗ್ರಾಂ ಮುಗಿಯಲು ಐದು ಗಂಟೆ ಬೇಕು, ಎಂಟಕ್ಕೆ ಶುರುವಾದರೆ ರಾತ್ರಿ ಒಂದು. ಅಲ್ಲಿಯವರೆಗೆ ಕೊಬ್ಬು ಕರಗುವ ಕೆಲಸ ಬಹುಪಾಲು ನಿಂತಿರುತ್ತದೆ. ಆ ಹೊತ್ತಿನಲ್ಲೇ ಕಬಾಬಿನ ಎಣ್ಣೆ, ಬೀಜದ ಎಣ್ಣೆ ಬಂದು ಸೇರುತ್ತದೆ. ಅದು ಉಗ್ರಾಣಕ್ಕೇ ಹೋಗಬೇಕು. ಗಂಡಸರಿಗೆ ಆ ಉಗ್ರಾಣ ಮೊದಲು ತುಂಬುವುದು ಹೊಟ್ಟೆಯಲ್ಲಿ, ಕರುಳಿನ ಸುತ್ತ ಮತ್ತು ಯಕೃತ್ತಿನೊಳಗೆ. ಅಪರೂಪಕ್ಕೊಮ್ಮೆ ಹೀಗಾದರೆ ಮರುದಿನ ಸರಿಹೋಗುತ್ತದೆ. ವಾರಕ್ಕೆ ಆರು ರಾತ್ರಿಯಾದರೆ ಸರಿಹೋಗಲು ದಿನವೇ ಉಳಿಯುವುದಿಲ್ಲ.

ಸಲಹೆ ಕೊಡುವ ಮೊದಲು ಇನ್ನೊಂದು ವಿಷಯ ತಿಳಿಯಬೇಕಿತ್ತು. ಶನಿವಾರ ಕೈ ನಡುಗುತ್ತದೆಯೇ, ಬೆವರುತ್ತದೆಯೇ, ಬೆಳಗ್ಗೆ ಒಂದು ಗುಟುಕು ಬೇಕೆನಿಸುತ್ತದೆಯೇ? ಯಾವುದೂ ಇಲ್ಲ ಅಂದರು, ಹೆಂಡತಿಯೂ ಹೌದೆಂದರು. ಇದ್ದಿದ್ದರೆ ಈ ಪ್ರಕರಣ ನನ್ನದಲ್ಲ. ಅಂಥವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ವೈದ್ಯರ ಕಣ್ಗಾವಲಿನಲ್ಲೇ ಬಿಡಬೇಕು. ಮಂಜಣ್ಣನನ್ನು ಯಕೃತ್ತಿನ ಪರೀಕ್ಷೆಗೆ ಮಾತ್ರ ಕಳಿಸಿದೆ. ಸ್ಕ್ಯಾನಿಂಗಿನಲ್ಲಿ ಫ್ಯಾಟಿ ಲಿವರ್, ಮೊದಲ ಹಂತ. ರಕ್ತದಲ್ಲಿ ಓಡಾಡುವ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 268.

ಪೂರ್ತಿ ಬಿಡುವುದೇ ಸರಿ ಅಂತ ವೈದ್ಯರು ಹೇಳಿದರು, ನಾನೂ ಅದನ್ನೇ ಹೇಳಿದೆ. ಅವರು ಒಪ್ಪಿದ್ದು ವಾರಕ್ಕೆ ಎರಡು ದಿನಕ್ಕೆ, ಬುಧವಾರ ಮತ್ತು ಭಾನುವಾರ. ಸರಿ, ಹಾಗಾದರೆ ಮನೆಗೆ ಫುಲ್ ಬಾಟಲಿ ಬೇಡ, ಆ ದಿನಕ್ಕೆ 90ರ ಟೆಟ್ರಾ ಪ್ಯಾಕ್ ಒಂದೇ ತನ್ನಿ ಅಂದೆ. ಸಂಜೆ ಆರಕ್ಕೆ ಅಂಗಡಿಗೆ ಹೆಸರುಕಾಳಿನ ಉಸಲಿ ಹೋಗಬೇಕು. ಕುಡಿಯುವ ದಿನ ಊಟ ಮೊದಲು, ಗ್ಲಾಸು ಆಮೇಲೆ. ಇದಕ್ಕೆ ಅವರು ಮುಖ ಹುಳಿ ಮಾಡಿಕೊಂಡರು, "ಊಟ ಆದ್ಮೇಲೆ ಯಾರು ಕುಡೀತಾರೆ ಮೇಡಂ?" ಅಂದರು. ಕುಡಿಯಲು ಮನಸ್ಸಾಗದಿದ್ದರೆ ಪ್ಯಾಕ್ ಮುಂದಿನ ವಾರಕ್ಕಿರಲಿ ಅಂದೆ. ಕುಡಿಯುವ ದಿನ ಊಟ ಬಿಟ್ಟು ಸರಿದೂಗಿಸುವ ಲೆಕ್ಕಾಚಾರವನ್ನು ಮಾತ್ರ ಖಂಡಿತ ಬೇಡ ಅಂದೆ. ಖಾಲಿ ಹೊಟ್ಟೆಗೆ ಬೇಗ ಏರುತ್ತದೆ, ಬೀಜದ ಡಬ್ಬಿಗೂ ಬೇಗ ಕೈ ಹೋಗುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದು ಅಪಾಯ ಕೂಡ, ರಕ್ತದ ಸಕ್ಕರೆ ದಿಢೀರ್ ಕುಸಿಯಬಹುದು. ಬಿಯರಿಗೆ ಬದಲಾಯಿಸಲೇ ಅಂತಲೂ ಕೇಳಿದರು. 650ರ ಸ್ಟ್ರಾಂಗ್ ಬಾಟಲಿಯೊಂದರಲ್ಲಿ ಅವರು ದಿನಾ ಕುಡಿಯುತ್ತಿದ್ದ 125ರ ವಿಸ್ಕಿಯಷ್ಟೇ ಆಲ್ಕೋಹಾಲ್ ಇದೆ, ಮೇಲೆ ಧಾನ್ಯದ ಪಿಷ್ಟ ಬೇರೆ.

ಹನ್ನೆರಡು ವಾರದ ಮೇಲೆ ತೂಕ 83, ಸುತ್ತಳತೆ 98, ಟ್ರೈಗ್ಲಿಸರೈಡ್ 174. ನಡುವೆ ತಂಗಿ ಮಗಳ ಮದುವೆಯಲ್ಲಿ ಹತ್ತು ದಿನ ಎಲ್ಲ ಮರೆತಿದ್ದರು, ಇಲ್ಲದಿದ್ದರೆ ಇನ್ನೂ ಇಳಿಯುತ್ತಿತ್ತು. ಬುಧವಾರ ಈಗ ತಾನಾಗಿ ಬಿಟ್ಟುಹೋಗಿದೆ, ಉಸಲಿ ತಿಂದ ಮೇಲೆ ನೆನಪೇ ಆಗುವುದಿಲ್ಲವಂತೆ. ಭಾನುವಾರದ್ದು ಇನ್ನೂ ಬಗೆಹರಿದಿಲ್ಲ. ಭಾವಮೈದ ಬರುತ್ತಾನೆ, ಬರುವಾಗ ಕಬಾಬ್ ತರುತ್ತಾನೆ. ಮುಂದಿನ ಸಲ ಅವನನ್ನೂ ಕರೆದುಕೊಂಡು ಬನ್ನಿ ಅಂತ ಹೇಳಿ ಕಳಿಸಿದ್ದೇನೆ.