ಮೇಲ್‌ನಲ್ಲಿ ‘ಬಿಸಿನೆಸ್ ಕ್ಯಾಶುವಲ್’ ಅಂತ ಅಷ್ಟೇ ಇದೆ, ಮೊದಲ ದಿನ ಏನು ಹಾಕಿಕೊಳ್ಳಲಿ?

ಪ್ರಶ್ನೆ: ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೆ, ಸೀರೆ ಇಲ್ಲವೇ ಫಾರ್ಮಲ್ ಚೂಡಿದಾರ್ ಹಾಕುತ್ತಿದ್ದೆ. ಮುಂದಿನ ಸೋಮವಾರ ವೈಟ್‌ಫೀಲ್ಡ್‌ನ ಒಂದು ಸಾಫ್ಟ್‌ವೇರ್ ಕಂಪನಿಯ ಫೈನಾನ್ಸ್ ಟೀಮಿಗೆ ಸೇರುತ್ತಿದ್ದೇನೆ. ಅಲ್ಲಿನ ವಾತಾವರಣ ಗೊತ್ತಿಲ್ಲ. ಕುರ್ತಾ ಹಾಕಲಾ, ಶರ್ಟ್ ಪ್ಯಾಂಟಾ? ಹೆಚ್ಚುಕಮ್ಮಿ ಆದರೆ ಎಲ್ಲರೂ ನನ್ನನ್ನೇ ನೋಡುತ್ತಾರೆ ಅಂತ ಭಯ.

ಉತ್ತರ:

ಸ್ಟ್ರೇಟ್ ಕಟ್ ಕುರ್ತಾ, ಆಂಕಲ್ ಲೆಂಗ್ತ್ ಪ್ಯಾಂಟ್, ಮುಚ್ಚಿದ ಫ್ಲಾಟ್ ಚಪ್ಪಲಿ ಅಥವಾ ಬೆಲ್ಲಿ ಶೂ. ಏನೂ ವಿಚಾರಿಸೋಕೆ ಆಗದೇ ಹೋದರೂ ಇದರಲ್ಲಿ ಹೋಗಿ, ನಡೆಯುತ್ತದೆ. ಆದರೆ ಇನ್ನೂ ಕೆಲವು ದಿನ ಇದೆಯಲ್ಲ, ಅಷ್ಟರಲ್ಲಿ ವಿಚಾರಿಸಬಹುದು. ನಾನೂ ಅಕೌಂಟ್ಸ್ ಕಡೆಯವಳೇ, ಬೆಂಗಳೂರಲ್ಲಿ ಕಂಪನಿ ಬದಲಿಸಿದಾಗಲೆಲ್ಲ ಹೀಗೇ ಮಾಡಿದ್ದೇನೆ.

ಮೊದಲು ಆ ಮೇಲ್ ವಿಷಯ. ಬಿಸಿನೆಸ್ ಕ್ಯಾಶುವಲ್ ಅಂತ ಬರೆದಿದ್ದರೆ ಅದರಿಂದ ನಿಮಗೆ ತಿಳಿಯುವುದು ತೀರಾ ಕಮ್ಮಿ. ಹಿಂದೆ ಹೀಗಿರಲಿಲ್ಲ. ಇನ್ಫೋಸಿಸ್ಸೇ 2015ರವರೆಗೆ ವಾರದಲ್ಲಿ ಬಹುಪಾಲು ದಿನ ಫಾರ್ಮಲ್ಸ್ ಇಟ್ಟುಕೊಂಡಿತ್ತು, ಆ ವರ್ಷ ಜೂನ್‌ನಿಂದ ವಾರ ಪೂರ್ತಿ ಬಿಸಿನೆಸ್ ಕ್ಯಾಶುವಲ್ ಮಾಡಿತು. ಈಗ ಈ ಸಾಲನ್ನು ಬಹಳ ಕಡೆ ಎಚ್‌ಆರ್‌ನವರು ಎಲ್ಲರಿಗೂ ಒಂದೇ ನಮೂನೆಯಲ್ಲಿ ಕಳಿಸುತ್ತಾರೆ. ಒಂದೇ ಕಂಪನಿಯಲ್ಲಿ ಸೇಲ್ಸ್‌ನವರು ಇಸ್ತ್ರಿ ಶರ್ಟಲ್ಲಿ ಇರುತ್ತಾರೆ, ಮೇಲಿನ ಮಹಡಿಯ ಕೋಡಿಂಗ್ ಹುಡುಗರು ಟೀ ಶರ್ಟು, ಫ್ಲೋಟರ್ಸ್‌ನಲ್ಲಿ ಓಡಾಡುತ್ತಾರೆ. ಇಬ್ಬರಿಗೂ ಬಂದಿದ್ದು ಅದೇ ಮೇಲ್. ಹಾಗಾಗಿ ‘ಕಂಪನಿಯ ಸಂಸ್ಕೃತಿ’ ಹುಡುಕಬೇಡಿ. ನಿಮ್ಮ ಟೀಮಿನಲ್ಲಿ, ನಿಮ್ಮ ಮಟ್ಟದ ಹುದ್ದೆಯವರು, ವಿಶೇಷ ಏನೂ ಇಲ್ಲದ ದಿನ ಏನು ಹಾಕುತ್ತಾರೆ? ಅಷ್ಟು ಗೊತ್ತಾದರೆ ಸಾಕು.

ಅದಕ್ಕೆ ಎಚ್‌ಆರ್‌ಗೆ ‘ಡ್ರೆಸ್ ಕೋಡ್ ಏನು’ ಅಂತ ಕೇಳಿದರೆ ಅದೇ ಮೇಲನ್ನು ಇನ್ನೊಂದು ಸಲ ಓದಿ ಹೇಳುತ್ತಾರೆ, ಅಷ್ಟೇ. ನಿಮ್ಮನ್ನು ಇಂಟರ್‌ವ್ಯೂ ಮಾಡಿದ ಮ್ಯಾನೇಜರ್‌ಗೋ, ಹೊಸಬರ ಸಹಾಯಕ್ಕೆ ‘ಬಡಿ’ ಅಂತ ಯಾರನ್ನಾದರೂ ಕೊಟ್ಟಿದ್ದರೆ ಅವರಿಗೋ ಒಂದು ಮೆಸೇಜ್ ಹಾಕಿ: “ಸೋಮವಾರ ಸೇರ್ತಾ ಇದ್ದೀನಿ. ನಮ್ಮ ಟೀಮಲ್ಲಿ ಮಾಮೂಲಿ ದಿನ ಏನು ಹಾಕ್ಕೊಂಡು ಬರ್ತಾರೆ? ಆವತ್ತು ಆಡಿಟರ್ಸ್ ಅಥವಾ ಹೊರಗಿನವರ ಜೊತೆ ಮೀಟಿಂಗ್ ಏನಾದ್ರೂ ಇದೆಯಾ?” ಎರಡನೇ ಪ್ರಶ್ನೆ ಮರೆಯಬೇಡಿ. ಟೀಮು ವರ್ಷವಿಡೀ ಜೀನ್ಸಲ್ಲೇ ಬಂದರೂ ಆಡಿಟ್ ಮೀಟಿಂಗ್ ದಿನ ಕಾಲರ್ ಶರ್ಟು ಹೊರಗೆ ಬರುತ್ತದೆ.

ಉತ್ತರ ಬಂದಮೇಲೆ ಅದನ್ನು ಸ್ವಲ್ಪ ಬಿಡಿಸಿ ಓದಬೇಕು. “ಅಯ್ಯೋ, ಜೀನ್ಸ್ ಟಾಪ್ ಏನಾದ್ರೂ ಹಾಕ್ಕೊಂಡ್ ಬನ್ನಿ” ಅಂದರೆ ನಿಜವಾಗಲೂ ತಲೆ ಕೆಡಿಸಿಕೊಳ್ಳದ ಜಾಗ. “ಯಾವ ರೂಲ್ಸೂ ಇಲ್ಲ, ಡೀಸೆಂಟ್ ಆಗಿದ್ರೆ ಸಾಕು” ಅಂದರೆ ಹುಷಾರು, ಬರೆಯದೇ ಇರುವ ರೂಲು ಅಲ್ಲಿ ಇದೆ ಅಂತ ನಾನು ತಿಳಿಯುತ್ತೇನೆ. ಸ್ಲೀವ್‌ಲೆಸ್ ಹಾಕಿದರೆ, ಹರಿದ ಜೀನ್ಸ್ ಹಾಕಿದರೆ ಮುಖಕ್ಕೆ ಯಾರೂ ಏನೂ ಅನ್ನಲ್ಲ, ಊಟದ ಟೇಬಲ್ಲಲ್ಲಿ ಮಾತಾಡಿಕೊಳ್ಳುತ್ತಾರೆ. ಅಂಥ ಕಡೆ ಮೊದಲ ವಾರ ಕುರ್ತಾನೇ ಕ್ಷೇಮ. (ಹೆಂಗಸರ ಬಟ್ಟೆ ಬಗ್ಗೆ ಮಾತ್ರ ಈ ಪಿಸುಮಾತು ಯಾಕೆ ಅಂದರೆ, ಅದು ಬೇರೆಯೇ ಜಗಳ, ಇಲ್ಲಿ ಬೇಡ.)

ಇನ್ನು ಕಣ್ಣಾರೆ ನೋಡುವುದು. ಸೋಮವಾರಕ್ಕೆ ಮುಂಚೆ ಬೆಂಗಳೂರಿಗೆ ಬರುತ್ತೀರಲ್ಲ, ಹೇಗೂ ದಾರಿ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಒಂದು ಸಲ ನೋಡಿಕೊಳ್ಳಬೇಕು. ಅದನ್ನು ಮಂಗಳವಾರದಿಂದ ಗುರುವಾರದ ಒಳಗೆ ಮಾಡಿ. ಶುಕ್ರವಾರ ನೋಡಿದರೆ ಲೆಕ್ಕ ತಪ್ಪುತ್ತದೆ, ಆವತ್ತು ಎಲ್ಲರೂ ಸಡಿಲ. ಬೆಳಗ್ಗೆ ಒಂಬತ್ತೂವರೆ ಹೊತ್ತಿಗೆ ಗೇಟ್ ಎದುರು, ಇಲ್ಲವೇ ಸಂಜೆ ನಾಲ್ಕರ ಮೇಲೆ ಹತ್ತಿರದ ಟೀ ಅಂಗಡಿಯಲ್ಲಿ ನಿಂತುಕೊಳ್ಳಿ. ಟೆಕ್ ಪಾರ್ಕ್ ಆದರೆ ಒಂದೇ ಗೇಟಲ್ಲಿ ಹತ್ತಾರು ಕಂಪನಿಯವರು ನುಗ್ಗುತ್ತಾರೆ, ಸುಮ್ನೆ ಜನ ನೋಡಿ ಪ್ರಯೋಜನವಿಲ್ಲ, ಕುತ್ತಿಗೆಯ ಟ್ಯಾಗ್ ನೋಡಬೇಕು. ಅದರ ಪಟ್ಟಿಯ ಮೇಲೆ ಸಾಮಾನ್ಯವಾಗಿ ಕಂಪನಿ ಹೆಸರು ಇರುತ್ತದೆ.

ನನ್ನ ಚಿಕ್ಕಮ್ಮನ ಮಗಳು ಐಟಿಪಿಎಲ್ ಹತ್ತಿರದ ಕಂಪನಿಯೊಂದಕ್ಕೆ ಸೇರುವಾಗ ಹೀಗೇ ಟೀ ಅಂಗಡಿ ಹತ್ತಿರ ನಿಂತಿದ್ದಳು. ಅವಳ ಕಂಪನಿ ಟ್ಯಾಗ್‌ನವರಲ್ಲಿ ಹೆಂಗಸರು ಅರ್ಧಕ್ಕಿಂತ ಜಾಸ್ತಿ ಕುರ್ತಾ, ಉಳಿದವರು ಜೀನ್ಸ್ ಶರ್ಟ್. ದುಪಟ್ಟಾ ಹೆಚ್ಚುಕಮ್ಮಿ ಯಾರೂ ಹಾಕಿರಲಿಲ್ಲ, ಹೀಲ್ಸ್ ಇಲ್ಲವೇ ಇಲ್ಲ. ಗಂಡಸರಲ್ಲಿ ಟಕ್ ಮಾಡಿದವರು ಬೆರಳೆಣಿಕೆ. ಬ್ಲೇಜರ್ ಹಾಕಿದ ಒಬ್ಬರನ್ನು ನೋಡಿ ಅವಳಿಗೆ ಗಾಬರಿ, ಆಮೇಲೆ ಗಮನಿಸಿದರೆ ಅವರ ಕುತ್ತಿಗೆಯಲ್ಲಿ ಇದ್ದಿದ್ದು ವಿಸಿಟರ್ ಟ್ಯಾಗ್. ಅವಳು ಆಗಲೇ ತೆಗೆದಿಟ್ಟಿದ್ದ ಬ್ಲೇಜರ್, ಪೆನ್ಸಿಲ್ ಹೀಲ್ ಎರಡನ್ನೂ ಬೀರುವಿಗೆ ವಾಪಸ್ ಇಟ್ಟಳು. ನೀಲಿ ಕಾಟನ್ ಕುರ್ತಾ, ಬಿಳಿ ಪ್ಯಾಂಟ್, ಕೊಲ್ಹಾಪುರಿ ಬದಲು ಬೆಲ್ಲಿ ಶೂ. ಕಾಲಿನದ್ದನ್ನು ಮಾತ್ರ ಅಲ್ಲಿ ಕಂಡಿದ್ದಕ್ಕಿಂತ ಒಂದು ಮೆಟ್ಟಿಲು ಮೇಲೆ ಇಟ್ಟಿದ್ದಳು. ಅದು ಸರಿಯಾದ ಲೆಕ್ಕ ಅಂತ ನನಗನ್ನಿಸುತ್ತದೆ. ಬಟ್ಟೆ ಅವರ ಹಾಗೇ ಇದ್ದು ಇಸ್ತ್ರಿ, ಚಪ್ಪಲಿ ಚೊಕ್ಕವಾಗಿದ್ದರೆ ಮೊದಲ ದಿನದ ಮರ್ಯಾದೆಗೆ ಅಷ್ಟು ಸಾಕು.

ಬೆಂಗಳೂರಿಗೆ ಮುಂಚೆ ಬರೋಕೆ ಆಗದಿದ್ದರೆ ಲಿಂಕ್ಡ್‌ಇನ್ ಫೋಟೋ ನೋಡಬಹುದು, ಆದರೆ ಅದನ್ನು ಪೂರ್ತಿ ನಂಬಬೇಡಿ. ಅಲ್ಲಿ ಹಾಕುವುದು ಆಯುಧಪೂಜೆ, ರಾಜ್ಯೋತ್ಸವ, ಎಥ್ನಿಕ್ ಡೇ, ಇಲ್ಲವೇ ಹೊಸ ಕಂಪನಿ ಟೀ ಶರ್ಟ್ ಹಂಚಿದ ದಿನದ್ದು. ಸೀರೆ ನೋಡಿ ಸೀರೆ ಉಟ್ಟು ಹೋದೀರಿ! ಯಾರದ್ದೋ ಬರ್ತ್‌ಡೇ ಕೇಕ್ ಫೋಟೋ ಸಿಕ್ಕಿದರೆ ಒಳ್ಳೆಯದು, ಕೇಕಿನ ಸುತ್ತ ನಿಂತವರು ಎದ್ದು ಬಂದ ಬಟ್ಟೆಯಲ್ಲೇ ಇರುತ್ತಾರೆ. ಬಾಸ್ ಅಥವಾ ಫೌಂಡರ್ ಏನು ಹಾಕಿದ್ದಾರೆ ಅಂತಲೂ ನೋಡಬೇಡಿ. ರೌಂಡ್ ನೆಕ್ ಟೀ ಶರ್ಟಲ್ಲಿ ಬಂದರೆ ಅವರನ್ನು ಕೇಳೋರಿಲ್ಲ, ನಿಮ್ಮನ್ನು ಹಾಗಲ್ಲ.

ನಿಮ್ಮ ವಿಷಯದಲ್ಲಿ ಬ್ಯಾಂಕಿನ ಅಭ್ಯಾಸ ಒಂದನ್ನು ಬಿಡಬೇಕಾಗುತ್ತದೆ. ಬ್ರಾಂಚಿನಲ್ಲಿ ಕೌಂಟರ್ ಆಚೆ ಗಿರಾಕಿ ನಿಂತಿರುತ್ತಾರೆ, ಬಟ್ಟೆ ಅವರಿಗೋಸ್ಕರ. ಇಲ್ಲಿ ಹೊರಗಿನವರು ಬರುವುದು ಅಪರೂಪ. ಮಾಮೂಲಿ ಸೋಮವಾರ ಸೀರೆ ಉಟ್ಟರೆ ತಪ್ಪೇನಿಲ್ಲ, ಆದರೆ “ಏನು ಸ್ಪೆಷಲ್ ಇವತ್ತು?” ಅಂತ ಸಿಕ್ಕಿದವರಿಗೆಲ್ಲ ಉತ್ತರ ಕೊಡುತ್ತಾ ಕೂರಬೇಕು. ಹಾಗಂತ ಕೋಡಿಂಗ್‌ನವರಷ್ಟು ಸಡಿಲವಾಗಲೂ ಬೇಡ, ಫೈನಾನ್ಸ್‌ನವರು ಸಾಮಾನ್ಯವಾಗಿ ಅವರಿಗಿಂತ ಒಂದು ಪಟ್ಟು ನೀಟಾಗಿಯೇ ಇರುತ್ತಾರೆ.

ಬಣ್ಣ ಆರಿಸುವಾಗ ಟ್ಯಾಗ್ ಫೋಟೋ ನೆನಪಿರಲಿ. ಬಹಳ ಕಡೆ ಅದನ್ನು ಮೊದಲ ದಿನವೇ ಬಿಳಿ ಗೋಡೆಗೆ ನಿಲ್ಲಿಸಿ ತೆಗೆಯುತ್ತಾರೆ, ಕೆಲಸ ಬಿಡುವವರೆಗೂ ಅದೇ ಕುತ್ತಿಗೆಯಲ್ಲಿ. ಬಿಳಿ, ತಿಳಿ ಕ್ರೀಮ್ ಹಾಕಿದರೆ ಗೋಡೆಯಲ್ಲಿ ಸೇರಿಹೋಗುತ್ತೀರಿ. ಕಡು ನೀಲಿ, ಮರೂನ್, ಬಾಟಲ್ ಗ್ರೀನ್ ಚೆನ್ನಾಗಿ ಬರುತ್ತದೆ. ಬ್ಯಾಗಲ್ಲಿ ಒಂದು ತೆಳು ಸ್ವೆಟರ್ ಇಟ್ಟುಕೊಳ್ಳಿ, ಆ ದಿನ ಪೂರ್ತಿ ಫಾರಂ ತುಂಬಿಸುತ್ತಾ ಇಂಡಕ್ಷನ್ ರೂಮಿನ ಎಸಿಯಲ್ಲಿ ಕೂರಿಸುತ್ತಾರೆ.

ಹೊಸ ಬಟ್ಟೆ ಈಗಲೇ ಕಟ್ಟುಗಟ್ಟಲೆ ತಗೋಬೇಡಿ. ಎರಡು ಜೊತೆ ಸಾಕು. ಮೊದಲ ಶುಕ್ರವಾರ ಟೀಮಿನವರು ಹೇಗೆ ಬರುತ್ತಾರೆ ನೋಡಿಕೊಂಡು, ಶನಿವಾರ ಕಮರ್ಷಿಯಲ್ ಸ್ಟ್ರೀಟಿಗೋ ಜಯನಗರ 4ನೇ ಬ್ಲಾಕಿಗೋ ಹೋಗಿ ಬೇಕಾದ್ದು ತಂದುಕೊಳ್ಳಿ.