ಲೆವೆಲಿಂಗ್ ಪಾಠದಿಂದ ಫೀಲ್ಡ್ ಬುಕ್‌ಗೆ

ಪ್ರಶ್ನೆ: ಡಿಪ್ಲೊಮಾ ಮಕ್ಕಳಿಗೆ ಲೆವೆಲಿಂಗ್ ಪಾಠ ಮುಗಿಸಿದ್ದೇನೆ. ಸೋಮವಾರ ಮೈದಾನದಲ್ಲಿ ಪ್ರಾಯೋಗಿಕ ತರಗತಿ ಇದೆ. ಫೀಲ್ಡ್ ಬುಕ್ ಪುಟವನ್ನೂ ಲೆಕ್ಕದ ಹಾಳೆಯನ್ನೂ ಹೇಗೆ ಸಿದ್ಧಪಡಿಸಲಿ?

ಗದಗ ಸೀಮೆಯಲ್ಲಿ ಕೆಲವು ವರ್ಷ ಇದೇ ಪಾಠ ಮಾಡಿದ್ದೇನೆ. ಮೊದಲ ವರ್ಷ ಓದಿದ ಅಂಕಿ, ಲೆಕ್ಕ ಎರಡನ್ನೂ ಒಂದೇ ಪುಟದಲ್ಲಿ ಬರೆಸಿದೆ. ಉತ್ತರ ಹೊಂದದಿದ್ದಾಗ ಹುಡುಗರು ಸದ್ದಿಲ್ಲದೆ ಸ್ಟಾಫ್ ಅಂಕಿಯನ್ನೇ ತಿದ್ದಿದ್ದರು. ತಪ್ಪು ನನ್ನ ಹಾಳೆಯದು. ಆಮೇಲೆ ಎರಡನ್ನೂ ಬೇರೆ ಮಾಡಿದೆ. ಕಣ್ಣು ಕಂಡದ್ದು ಮಾತ್ರ ಫೀಲ್ಡ್ ಬುಕ್‌ಗೆ. ತಪ್ಪಾದರೆ ಅಳಿಸುವಂತಿಲ್ಲ, ಗೆರೆ ಹೊಡೆದು ಮೇಲೆ ಬರೆಯಬೇಕು.

ಪುಟ ಹೀಗಿರಲಿ:

| ಬಿಂದು | ಬ್ಯಾಕ್ ಸೈಟ್ | ಇಂಟರ್‌ಮೀಡಿಯೇಟ್ | ಫೋರ್ ಸೈಟ್ | ಷರಾ |
|---|---|---|---|---|
| ಬೆಂಚ್ ಮಾರ್ಕ್ | 1.485 | | | 100.000 ಮೀ. |
| ಎ | | 1.120 | | |
| ಚೇಂಜ್ ಪಾಯಿಂಟ್ | 1.640 | | 0.865 | ಚಪ್ಪಟೆ ಕಲ್ಲು |
| ಬಿ | | 2.015 | | |
| ಸಿ | | | 1.390 | |

ಮಕ್ಕಳು ಎಡವುವುದು ಚೇಂಜ್ ಪಾಯಿಂಟ್‌ನಲ್ಲಿ. ಬಿಂದು ಒಂದೇ ಆದ್ದರಿಂದ ಸಾಲೂ ಒಂದೇ. ಆದರೆ ಫೋರ್ ಸೈಟ್ ಹಳೆಯ ನಿಲುವಿನಿಂದ ಓದಿದ್ದು, ಬ್ಯಾಕ್ ಸೈಟ್ ಉಪಕರಣ ಸರಿಸಿದ ಮೇಲೆ ಓದಿದ್ದು. ಎರಡು ಸಾಲಾಗಿ ಬರೆದರೆ ಲೆಕ್ಕದ ಎಳೆಯೇ ತಪ್ಪುತ್ತದೆ. ಮೊದಲ ಸಾಲಿನ ಫೋರ್ ಸೈಟ್ ಮನೆಯನ್ನೂ ಕೊನೆಯ ಸಾಲಿನ ಬ್ಯಾಕ್ ಸೈಟ್ ಮನೆಯನ್ನೂ ಮೊದಲೇ ಕಪ್ಪು ಮಾಡಿ ಕೊಡಿ. ಪುಟದ ಕೊನೆಗೆ ಇಂಟರ್‌ಮೀಡಿಯೇಟ್ ಬಂದರೆ ಅದನ್ನು ಫೋರ್ ಸೈಟ್ ಮನೆಯಲ್ಲಿ ಬರೆಸಿ, ಅದೇ ಅಂಕಿಯನ್ನು ಮುಂದಿನ ಪುಟದ ಮೊದಲ ಬ್ಯಾಕ್ ಸೈಟ್ ಆಗಿ ಹಾಕಿಸಿ. ಪ್ರತಿ ಪುಟವನ್ನೂ ಬೇರೆಯಾಗಿ ತಾಳೆ ನೋಡಬಹುದು.

ಇನ್ನು ಲೆಕ್ಕದ ಹಾಳೆ. ದೃಷ್ಟಿರೇಖೆಯ ಎತ್ತರದ ವಿಧಾನದಲ್ಲಿ 100.000ಕ್ಕೆ 1.485 ಕೂಡಿಸಿದರೆ 101.485, ಅದರಿಂದ ಕಳೆದಾಗ ಎ 100.365, ಚೇಂಜ್ ಪಾಯಿಂಟ್ 100.620. ಅಲ್ಲಿಗೆ 1.640 ಕೂಡಿಸಿದರೆ ಹೊಸ ಎತ್ತರ 102.260, ಬಿ 100.245, ಸಿ 100.870. ಬ್ಯಾಕ್ ಸೈಟ್ ಮೊತ್ತ 3.125, ಫೋರ್ ಸೈಟ್ ಮೊತ್ತ 2.255, ವ್ಯತ್ಯಾಸ 0.870. ಮೊದಲ ಮತ್ತು ಕೊನೆಯ ಮಟ್ಟಗಳ ವ್ಯತ್ಯಾಸವೂ ಅಷ್ಟೇ.

ಇಲ್ಲೊಂದು ಮೋಸವಿದೆ. ಹುಡುಗ ಎ ಬಿಂದುವನ್ನು 100.465 ಎಂದು ತಪ್ಪಾಗಿ ಕಳೆದರೂ ಈ ತಾಳೆ ಸರಿ ಎಂದೇ ಹೇಳುತ್ತದೆ, ಏಕೆಂದರೆ ಇಂಟರ್‌ಮೀಡಿಯೇಟ್ ಅದರೊಳಗೆ ಬರುವುದೇ ಇಲ್ಲ. ಆದ್ದರಿಂದ ಏರು ಇಳಿವಿನ ಎರಡನೇ ಹಾಳೆಯನ್ನೂ ಕೊಡಿ: ಏರು 0.365, 0.255, 0.625; ಇಳಿವು 0.375. ಏರಿನ ಮೊತ್ತದಲ್ಲಿ ಇಳಿವನ್ನು ಕಳೆದರೆ ಮತ್ತೆ 0.870. ಇಲ್ಲಿ ಪ್ರತಿ ಮಟ್ಟವೂ ಹಿಂದಿನದರ ಮೇಲೆ ನಿಂತಿರುವುದರಿಂದ ಎ ಬಿಂದುವಿನ ಲೆಕ್ಕದ ತಪ್ಪು ಕೊನೆಯವರೆಗೂ ಸಾಗಿ ತಾಳೆಯಲ್ಲಿ ಸಿಕ್ಕಿಬೀಳುತ್ತದೆ.

ಆದರೆ ಎ ಬಿಂದುವಿನ ಸ್ಟಾಫನ್ನೇ ತಪ್ಪಾಗಿ ಓದಿದ್ದರೆ ಎರಡು ಹಾಳೆಗಳೂ ಸುಮ್ಮನಿರುತ್ತವೆ. ಅದಕ್ಕೆ ಇನ್ನೊಬ್ಬ ಹುಡುಗನಿಂದ ಅಲ್ಲೇ ಎರಡನೇ ಸಲ ಓದಿಸಿ. ಷರಾದಲ್ಲಿ ಕಲ್ಲು ಎಂದು ಬರೆದದ್ದಕ್ಕೂ ಕಾರಣವಿದೆ: ನಮ್ಮ ಎರೆಮಣ್ಣು ಹಸಿಯಿದ್ದರೆ ಎರಡು ಓದುಗಳ ನಡುವೆ ಸ್ಟಾಫ್ ಕುಸಿಯುತ್ತದೆ, ಅದು ಯಾವ ಹಾಳೆಯಲ್ಲೂ ಕಾಣಿಸುವುದಿಲ್ಲ, ಬೆಂಚ್ ಮಾರ್ಕ್‌ಗೆ ಮರಳಿ ಬಂದು ಓದಿದಾಗ ಮಾತ್ರ ತಿಳಿಯುತ್ತದೆ.