ಹುಳದ ಮಾತ್ರೆ ಕೊಟ್ಟರೂ ಮಗುವಿನ ತೂಕ ಏಕೆ ಏರುವುದಿಲ್ಲ?

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ ತುಂಬಿತು, ತೂಕ 12.5 ಕೆ.ಜಿ. ಆರು ತಿಂಗಳಿಗೊಮ್ಮೆ ಹುಳದ ಮಾತ್ರೆ ಕೊಡುತ್ತಿದ್ದೇವೆ, ಆದರೂ ಮೈ ಹಿಡಿಯುತ್ತಿಲ್ಲ. ಮಳೆಗಾಲ ಬಂತೆಂದರೆ ಶೀತ, ಜ್ವರ, ಭೇದಿ. ಹೊಟ್ಟೆಯಲ್ಲಿ ಇನ್ನೂ ಹುಳ ಉಳಿದಿದೆಯೇ? ಮಾತ್ರೆ ಇನ್ನೊಮ್ಮೆ ಕೊಡಬಹುದೇ?

ನಾನು ಉಡುಪಿ ಜಿಲ್ಲೆಯ ಹಳ್ಳಿಗಳಲ್ಲಿ ಇಪ್ಪತ್ತೆಂಟು ವರ್ಷ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು. ಇದೇ ಪ್ರಶ್ನೆಯನ್ನು ನೂರಾರು ತಾಯಂದಿರು ನನ್ನಲ್ಲಿ ಕೇಳಿದ್ದಾರೆ. ಮಾತ್ರೆಯನ್ನು ಈಗ ಮತ್ತೊಮ್ಮೆ ಕೊಟ್ಟರೆ ಅಪಾಯವಾಗುವ ಸಂಭವ ಕಡಿಮೆ, ಆದರೆ ಅದರಿಂದ ತೂಕ ಏರುತ್ತದೆಂದು ನಾನು ನಂಬುವುದಿಲ್ಲ. ಉತ್ತರವಿರುವುದು ನಿಮ್ಮ ಪ್ರಶ್ನೆಯ ನಡುವೆ ನೀವೇ ಬರೆದಿರುವ ಮಳೆಗಾಲದ ಆ ಒಂದು ಸಾಲಿನಲ್ಲಿ.

ಮೊದಲು ತೂಕದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ನಾಲ್ಕು ವರ್ಷ ತುಂಬಿದ ಗಂಡುಮಗುವಿನ ಮಧ್ಯಮ ತೂಕ 16.3 ಕೆ.ಜಿ., ಮತ್ತು 12.7ಕ್ಕಿಂತ ಕೆಳಗಿದ್ದರೆ ಅದನ್ನು ಕಡಿಮೆ ತೂಕವೆಂದು ಗುರುತಿಸುತ್ತಾರೆ. ನಿಮ್ಮ ಮಗ ಆ ಗೆರೆಯ ಸ್ವಲ್ಪವೇ ಕೆಳಗಿದ್ದಾನೆ. ಆದರೆ ಒಂದೇ ದಿನದ ತೂಕ ಹೇಳುವುದು ಬಹಳ ಕಡಿಮೆ. ಅಂಗನವಾಡಿಯಲ್ಲಿ ತಿಂಗಳು ತಿಂಗಳು ತೂಗಿ ನಕ್ಷೆಯಲ್ಲಿ ಚುಕ್ಕಿ ಇಟ್ಟಿರುತ್ತಾರಲ್ಲ, ಆ ಚುಕ್ಕಿಗಳನ್ನು ಒಂದು ವರ್ಷದಷ್ಟು ಹಿಂದಕ್ಕೆ ಸೇರಿಸಿ ನೋಡಿ. ಗೆರೆ ಮೊದಲಿನಿಂದಲೂ ಕೆಳಗಿದ್ದು ಒಂದೇ ಓರೆಯಲ್ಲಿ ಏರುತ್ತಿದ್ದರೆ ಅದು ಬೇರೆ ಕಥೆ. ಏರಿ, ನಿಂತು, ಇಳಿದು, ಮತ್ತೆ ಅರ್ಧ ಏರುವಷ್ಟರಲ್ಲಿ ಇನ್ನೊಮ್ಮೆ ಇಳಿದಿದ್ದರೆ, ಒಂದರ ಹಿಂದೆ ಒಂದು ಬಂದ ಕಾಯಿಲೆಗಳು ಮಗುವಿನ ಬೆಳವಣಿಗೆಯನ್ನು ತಿಂದಿವೆ ಎಂದು ಓದಬೇಕು.

ಬ್ರಹ್ಮಾವರದ ಕಡೆಯ ಒಂದು ಮನೆಯ ಹೆಣ್ಣುಮಗುವಿನ ವಿಷಯ ಹೇಳುತ್ತೇನೆ, ಏಕೆಂದರೆ ಅವಳ ನಕ್ಷೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮೇ ಕೊನೆಗೆ ಮೂರು ವರ್ಷ ತುಂಬಿದಾಗ ಅವಳ ತೂಕ 11.7 ಕೆ.ಜಿ.; ನಕ್ಷೆಯಲ್ಲಿ ಸರಿಯಾದ ತೂಕವನ್ನು ತೋರಿಸುವ ಹಸಿರು ಪಟ್ಟಿಯ ಒಳಗೇ ಇದ್ದಳು. ಜೂನ್‌ನಲ್ಲಿ ಜ್ವರ, ಶೀತ ಬಂದು 11.5ಕ್ಕೆ ಇಳಿದಳು. ಜುಲೈಯಲ್ಲಿ ನಾಲ್ಕು ದಿನ ಭೇದಿಯಾಗಿ 11.1 ಆಯಿತು. ಆಗಸ್ಟ್‌ನಲ್ಲಿ ಅಂಗನವಾಡಿಯಲ್ಲಿ ಹುಳದ ಮಾತ್ರೆ ಕೊಟ್ಟೆವು, 11.3 ಆಯಿತು, ತಾಯಿಗೆ ಸಮಾಧಾನವಾಯಿತು. ಸೆಪ್ಟೆಂಬರ್‌ನಲ್ಲಿ ಕೆಮ್ಮು ಹಿಡಿದು ಮತ್ತೆ 11.1. ಅಕ್ಟೋಬರ್‌ನಲ್ಲಿ 11.2, ನವೆಂಬರ್‌ನಲ್ಲಿ 11.4. ಆರು ತಿಂಗಳಲ್ಲಿ ಕಳೆದುಕೊಂಡದ್ದು ಬರೀ 300 ಗ್ರಾಂ ಎಂದು ಮನೆಯವರಿಗೆ ಅನ್ನಿಸಿತ್ತು. ಆದರೆ ಆ ವಯಸ್ಸಿನಲ್ಲಿ ಅವಳು ತನ್ನದೇ ಗೆರೆಯಲ್ಲಿ ನಡೆದಿದ್ದರೂ ಆರು ತಿಂಗಳಿಗೆ ಸುಮಾರು 800 ಗ್ರಾಂ ಕೂಡಬೇಕಿತ್ತು. ಕಳೆದದ್ದು, ಕೂಡದೆ ಹೋದದ್ದು ಎರಡನ್ನೂ ಸೇರಿಸಿದರೆ ಒಂದು ಕಿಲೋ ಮೀರುತ್ತದೆ. ಮೂರೂವರೆ ವರ್ಷಕ್ಕೆ ಅವಳು ಕಡಿಮೆ ತೂಕದ ಹಳದಿ ಪಟ್ಟಿಯಲ್ಲಿದ್ದಳು.

ಆ ಮಗುವಿನ ತಾಯಿ ನನ್ನನ್ನು ಕೇಳಿದ್ದೂ ನಿಮ್ಮ ಹಾಗೆಯೇ: "ಅಕ್ಕಾ, ಹುಳ ಸತ್ತಿಲ್ಲವಾ?"

ಹುಳ ತೂಕವನ್ನು ತಗ್ಗಿಸುವುದು ನಿಜ. ಜಂತುಹುಳು ಕರುಳಿನೊಳಗಿದ್ದು ಮಗು ತಿಂದದ್ದರಲ್ಲಿ ಪಾಲು ತೆಗೆದುಕೊಳ್ಳುತ್ತದೆ, ಹಸಿವನ್ನೂ ಕೆಡಿಸುತ್ತದೆ. ಕೊಕ್ಕೆಹುಳು ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಅದರಿಂದ ರಕ್ತಹೀನತೆ ಬಂದ ಮಗು ಮಂಕಾಗಿ ಊಟವನ್ನೇ ಬೇಡವೆನ್ನುತ್ತದೆ. ಆದರೆ ಹಾನಿ ಹುಳದ ಸಂಖ್ಯೆಯನ್ನು ಅವಲಂಬಿಸಿರುತ್ತದೆ. ಒಂದು ಊರಿನ ಹುಳಗಳಲ್ಲಿ ಹೆಚ್ಚಿನವು ಕೆಲವೇ ಮಕ್ಕಳ ಹೊಟ್ಟೆಯಲ್ಲಿರುತ್ತವೆ. ಉಳಿದ ಮಕ್ಕಳಲ್ಲಿ ನಾಲ್ಕಾರು ಇರುತ್ತವೆ ಅಥವಾ ಇರುವುದೇ ಇಲ್ಲ. ತುಂಬಾ ಹುಳವಿದ್ದ ಮಗುವಿಗೆ ಮಾತ್ರೆ ಕೊಟ್ಟರೆ ತೂಕ ಕಣ್ಣಿಗೆ ಕಾಣುವಂತೆ ಏರುತ್ತದೆ, ಉಳಿದವರಲ್ಲಿ ಏರುವುದಿಲ್ಲ.

2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಹೆಸರಿನಲ್ಲಿ ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯ ಪ್ರಮಾಣ ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಂ, ಒಂದರಿಂದ ಎರಡು ವರ್ಷದವರಿಗೆ ಅದರ ಅರ್ಧ. ಜಂತುಹುಳುವಿಗೆ ಒಂದೇ ಮಾತ್ರೆ ಸಾಕಾಗುವುದು ಹೆಚ್ಚು. ಅದನ್ನು ಜಗಿಸಬೇಕು ಅಥವಾ ಪುಡಿ ಮಾಡಿ ನೀರಿನಲ್ಲಿ ಕೊಡಬೇಕು, ಇಡಿಯಾಗಿ ನುಂಗಿಸಬಾರದು. ಹುಳ ಉಳಿದಿದೆಯೇ ಎಂಬ ಸಂಶಯವಿದ್ದರೆ ಮಾತ್ರೆ ಕೊಟ್ಟು ಎರಡು ಮೂರು ವಾರ ಕಳೆದ ಮೇಲೆ ಮಲಪರೀಕ್ಷೆ ಮಾಡಿಸಿ. ಮೊಟ್ಟೆ ಕಾಣದಿದ್ದರೆ ಆ ಚಿಂತೆಯನ್ನು ಬಿಡಬಹುದು. ರಾತ್ರಿ ಗುದದ ಸುತ್ತ ತುರಿಕೆಯಿದ್ದರೆ ಅದು ಸಣ್ಣ ಬಿಳಿ ದಾರದಂತಹ ಹುಳ. ಅದು ಮಲಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಮನೆಯವರೆಲ್ಲರೂ ಮಾತ್ರೆ ತೆಗೆದುಕೊಂಡು ಎರಡು ವಾರಕ್ಕೆ ಮತ್ತೊಮ್ಮೆ ತೆಗೆದುಕೊಳ್ಳಬೇಕಾಗುತ್ತದೆ.

ಇನ್ನು ಸೋಂಕು ಮತ್ತು ಊಟ. ಇವೆರಡನ್ನು ಬೇರೆ ಮಾಡಿ ಹೇಳಲು ನನಗೆ ಎಂದೂ ಸಾಧ್ಯವಾಗಿಲ್ಲ. ಜ್ವರ ಬಂದಾಗ ಮೈ ಹೆಚ್ಚು ಶಕ್ತಿಯನ್ನು ಸುಡುತ್ತದೆ, ಅದೇ ಹೊತ್ತಿಗೆ ಬಾಯಿರುಚಿ ಹೋಗಿರುತ್ತದೆ, ಭೇದಿಯಾದರೆ ತಿಂದದ್ದೂ ಮೈಗೆ ಸೇರುವುದಿಲ್ಲ. ಭೇದಿ ನಿಂತ ಮೇಲೂ ಕರುಳಿನ ಒಳಪದರ ಸರಿಯಾಗಲು ಸಮಯ ಬೇಕು. ಕಾಯಿಲೆ ಹೋದ ಮೇಲಿನ ಎರಡು ಮೂರು ವಾರಗಳಲ್ಲಿ ಮಗುವಿಗೆ ಹಸಿವು ಮರಳಿ ಬರುತ್ತದೆ, ಸಾಲ ತೀರಿಸುವ ಕಾಲ ಅದೇ. ಆದರೆ ನಮ್ಮ ಮನೆಗಳಲ್ಲಿ ಆ ವಾರಗಳಲ್ಲೇ "ಹೊಟ್ಟೆ ಸೂಕ್ಷ್ಮವಾಗಿದೆ" ಎಂದು ಗಂಜಿ, ತಿಳಿಸಾರಿನಲ್ಲೇ ಇಡುತ್ತಾರೆ. ಸಾಲ ತೀರುವ ಮೊದಲೇ ಮುಂದಿನ ಜ್ವರ ಬರುತ್ತದೆ.

ಆ ಮಗುವಿನ ಮನೆಗೆ ನಾನು ಮಧ್ಯಾಹ್ನದ ಹೊತ್ತಿಗೆ ಹೋಗಿದ್ದೆ. ಬಟ್ಟಲಿನಲ್ಲಿ ಕುಚ್ಚಲಕ್ಕಿ ಗಂಜಿ ಇತ್ತು, ಮೇಲೆ ಎರಡು ಬೆರಳಿನಷ್ಟು ತಿಳಿ ನಿಂತಿತ್ತು, ಪಕ್ಕದಲ್ಲಿ ಉಪ್ಪಿನಕಾಯಿಯ ರಸ. ಮಗು ತಿಳಿಯನ್ನೆಲ್ಲ ಕುಡಿದು, ನಾಲ್ಕು ಚಮಚ ಅನ್ನ ತಿಂದು ಬಟ್ಟಲನ್ನು ದೂಡಿತು. ಹೊಟ್ಟೆ ತುಂಬಿತ್ತು, ಸುಳ್ಳಲ್ಲ. ಆ ವಯಸ್ಸಿನ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟದಷ್ಟೇ ಹಿಡಿಯುತ್ತದೆ, ಅದನ್ನು ನೀರು ತುಂಬಿಬಿಟ್ಟರೆ ಬೇರೆಯದಕ್ಕೆ ಜಾಗವಿಲ್ಲ. ಒಂದು ಲೋಟ ಗಂಜಿಯಲ್ಲಿ 30 ಗ್ರಾಂ ಅಕ್ಕಿ ಇದ್ದರೆ ಸಿಗುವುದು 100 ಕಿಲೋಕ್ಯಾಲರಿಗಿಂತ ಸ್ವಲ್ಪ ಹೆಚ್ಚು. ಮಗುವಿಗೆ ದಿನಕ್ಕೆ ಸಾವಿರಕ್ಕಿಂತ ಹೆಚ್ಚು ಬೇಕು. ಬೆಳಿಗ್ಗೆ ಸಂಜೆ ಚಹಾ ಮತ್ತು ಬಿಸ್ಕತ್ತು ಬೇರೆ. ಚಹಾ ಊಟದಲ್ಲಿರುವ ಕಬ್ಬಿಣಾಂಶವನ್ನೂ ಮೈಗೆ ಸೇರಗೊಡುವುದಿಲ್ಲ.

ಕರಾವಳಿಯ ಕಾಲಮಾನವೂ ಮಗುವಿಗೆ ವಿರುದ್ಧವೇ. ಮಣ್ಣು ತೇವವಾಗಿ, ನೆರಳಾಗಿರುವ ಅಡಿಕೆ ತೋಟ ಕೊಕ್ಕೆಹುಳುವಿನ ಮರಿಗಳಿಗೆ ಹೇಳಿಮಾಡಿಸಿದ ಜಾಗ, ಅವು ಬರಿಗಾಲಿನ ಚರ್ಮವನ್ನು ಕೊರೆದು ಒಳಹೋಗುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನು ದುಬಾರಿಯಾಗುತ್ತದೆ. ತುಳುನಾಡಿನ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಕೂಲಿಯೂ ಕಡಿಮೆ, ಬಾವಿಯ ನೀರು ಮೇಲೆ ಬಂದು ಕಲಕಿರುತ್ತದೆ. ಕಾಯಿಲೆ ಹೆಚ್ಚುವ ತಿಂಗಳುಗಳಲ್ಲೇ ಬಟ್ಟಲು ತೆಳುವಾಗುತ್ತದೆ.

ಒಂದು ಗ್ರಾಂ ಮೈತೂಕ ಕಟ್ಟಲು ಸುಮಾರು 5 ಕಿಲೋಕ್ಯಾಲರಿ ಬೇಕಾಗುತ್ತದೆ. ಅಂದರೆ ಒಂದು ಕಿಲೋ ಹಿಂದೆಬಿದ್ದ ಮಗು ಅದನ್ನು ಎರಡು ತಿಂಗಳಲ್ಲಿ ತುಂಬಿಕೊಳ್ಳಲು ದಿನಕ್ಕೆ ಎಂಬತ್ತು ತೊಂಬತ್ತು ಕಿಲೋಕ್ಯಾಲರಿಯಷ್ಟೇ ಹೆಚ್ಚುವರಿಯಾಗಿ ಬೇಕು: ಒಂದು ಮೊಟ್ಟೆ ಮತ್ತು ಅರ್ಧ ಚಮಚ ತೆಂಗಿನೆಣ್ಣೆ. ಲೆಕ್ಕ ಇಷ್ಟು ಸಣ್ಣದು ಎಂದು ಗೊತ್ತಾದಾಗ ಆ ತಾಯಿ ಅತ್ತುಬಿಟ್ಟರು. ನಡುವೆ ಕಾಯಿಲೆ ಬರುವುದರಿಂದ ನಿಜವಾಗಿ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ, ಅದನ್ನೂ ಅವರಿಗೆ ಹೇಳಿದೆ.

ನಾವು ಮಾಡಿದ್ದು ಇಷ್ಟು. ಗಂಜಿಯ ತಿಳಿ ಬಸಿದು ಅನ್ನವನ್ನು ಗಟ್ಟಿಯಾಗಿ ಹಿಸುಕಿ, ಪ್ರತಿ ಊಟಕ್ಕೂ ಒಂದು ಚಮಚ ಎಣ್ಣೆ ಕಲಸಿದೆವು. ದಿನಕ್ಕೊಂದು ಮೊಟ್ಟೆ, ಇಲ್ಲದ ದಿನ ಬೂತಾಯಿ ಮೀನು ಅಥವಾ ತೆಂಗಿನಕಾಯಿ ಹಾಕಿ ಬೇಯಿಸಿದ ಹೆಸರುಕಾಳು ಕೊಟ್ಟೆವು. ಚಹಾ ನಿಲ್ಲಿಸಿ, ಮೂರು ಊಟದ ನಡುವೆ ಎರಡು ಬಾರಿ ಬಾಳೆಹಣ್ಣು, ಅವಲಕ್ಕಿ ಬೆಲ್ಲ. ವೈದ್ಯರು ರಕ್ತ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 8.9 ಇತ್ತು, ಈ ವಯಸ್ಸಿಗೆ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಮೂರು ತಿಂಗಳು ಕಬ್ಬಿಣಾಂಶದ ಸಿರಪ್ ಕೊಟ್ಟರು. ತೋಟಕ್ಕೆ ಚಪ್ಪಲಿ, ಕುಡಿಯಲು ಕುದಿಸಿದ ನೀರು. ಪ್ರತಿ ಕಾಯಿಲೆಯ ನಂತರ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚು, ಭೇದಿಯಾದರೆ ಓಆರ್‌ಎಸ್ ಜೊತೆಗೆ 14 ದಿನ ಜಿಂಕ್ ಮಾತ್ರೆ. ಜನವರಿಯಲ್ಲಿ ಒಮ್ಮೆ ಜ್ವರ ಬಂದು ಒಂದು ತಿಂಗಳು ತೂಕ ನಿಂತಿತು, ಆದರೆ ಇಳಿಯಲಿಲ್ಲ. ನಾಲ್ಕು ವರ್ಷ ತುಂಬಿದ ಮೇ ತಿಂಗಳಲ್ಲಿ ಅವಳು 12.9 ಕೆ.ಜಿ. ಇದ್ದಳು, ಹಸಿರಿನ ಒಳಗೆ.

ನಿಮ್ಮ ಮಗನಿಗೂ ಇಲ್ಲಿಂದಲೇ ಆರಂಭಿಸಿ. ಮೂರು ದಿನ ಅವನು ನಿಜವಾಗಿ ತಿಂದದ್ದನ್ನು ಬರೆದಿಡಿ, ಬಟ್ಟಲಿಗೆ ಹಾಕಿದ್ದನ್ನಲ್ಲ. ತಿಂಗಳಿಗೊಮ್ಮೆ ಅದೇ ತಕ್ಕಡಿಯಲ್ಲಿ, ಚಪ್ಪಲಿ ಮತ್ತು ದಪ್ಪ ಬಟ್ಟೆ ತೆಗೆದು ತೂಗಿಸಿ. ಬೇರೆ ಬೇರೆ ತಕ್ಕಡಿಯ ವ್ಯತ್ಯಾಸವೇ 200 ಗ್ರಾಂ ಇರಬಹುದು, ಆಗ ಇಳಿಯದ ತೂಕ ಇಳಿದಂತೆ ಕಾಣುತ್ತದೆ. ತೋಳಿನ ಸುತ್ತಳತೆಯನ್ನೂ ಅಂಗನವಾಡಿಯಲ್ಲಿ ಅಳೆಸಿ. 12.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಆ ವಾರವೇ ವೈದ್ಯರಿಗೆ ತೋರಿಸಿ, 11.5ಕ್ಕಿಂತ ಕಡಿಮೆ ಬಂದರೆ ಅಥವಾ ಪಾದ ಊದಿಕೊಂಡಿದ್ದರೆ ಅದೇ ದಿನ. ಹೀಗೆ ಊಟ ಬದಲಿಸಿ ಎರಡು ತಿಂಗಳಾದರೂ ತೂಕ ಏರದಿದ್ದರೆ, ಕೆಮ್ಮು ಅಥವಾ ಜ್ವರ ಎರಡು ವಾರ ಮೀರಿದರೆ, ಮನೆಯಲ್ಲಿ ಯಾರಿಗಾದರೂ ಕ್ಷಯ ಆಗಿದ್ದರೆ, ಹುಳದ ಮಾತನ್ನು ಬದಿಗಿಟ್ಟು ಮಕ್ಕಳ ವೈದ್ಯರ ಬಳಿ ಕ್ಷಯದ ಪರೀಕ್ಷೆ, ಮೂತ್ರಪರೀಕ್ಷೆ ಮತ್ತು ಹಿಮೋಗ್ಲೋಬಿನ್ ಮಾಡಿಸಲು ಕೇಳಿ, ಮತ್ತು ಹೋಗುವಾಗ ಆ ತೂಕದ ನಕ್ಷೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.